ಕೊಳ್ಳುವಾಗ 92.40, ಮಾರುವಾಗ 87.60: ನಡುವಿನ ಹಣ ಎಲ್ಲಿ ಹೋಯಿತು?

ಪ್ರಶ್ನೆ: ನಮ್ಮದು ಗೋಣಿಕೊಪ್ಪ ಹತ್ತಿರ ಸಣ್ಣ ಕಾಫಿ ತೋಟ. ದುಬೈನಲ್ಲಿರುವ ಮಗಳನ್ನು ನೋಡಲು ನಾನು, ನಮ್ಮೆಜಮಾನರು ಹೋಗಿದ್ದೆವು. ಬ್ಯಾಂಕಿನಲ್ಲಿ 2,000 ಡಾಲರ್ ನೋಟು ತಗೊಂಡೆವು. ಒಂದಕ್ಕೆ ₹92.40 ಹಾಕಿದರು. ಮೂರು ವಾರದ ಮೇಲೆ 700 ಡಾಲರ್ ಉಳಿಸಿಕೊಂಡು ಬಂದೆವು. ಅದೇ ಬ್ಯಾಂಕು, ಅದೇ ಕೌಂಟರು, ಈಗ ₹87.60 ಅಂದರು. ಪೇಪರಿನಲ್ಲಿ ನೋಡಿದರೆ ಡಾಲರ್ ಆವತ್ತೂ 90, ಇವತ್ತೂ 90. ಕಮಿಷನ್ ಇಲ್ಲ ಅಂತ ಬೇರೆ ಹೇಳಿದ್ದರು. ಮೂರು ಸಾವಿರಕ್ಕೂ ಜಾಸ್ತಿ ಹೋಯಿತು. ಮೋಸ ಆಗಿದೆಯಾ? ಡಿಸೆಂಬರಿಗೆ ಮತ್ತೆ ಹೋಗಬೇಕು. ಆಗ ಡಾಲರ್ ತಗೊಳ್ಳಲಾ, ಇಲ್ಲಿಂದಲೇ ದಿರ್ಹಮ್ ತಗೊಂಡು ಹೋಗಲಾ? ಬ್ಯಾಂಕಿನ ರೇಟ್ ಬೋರ್ಡಿನ ಫೋಟೋ ಕಳಿಸಿದ್ದೇನೆ.

ಉತ್ತರ: ಮೋಸ ಆಗಿಲ್ಲ. ಆದರೆ ನಿಮ್ಮ ಖರ್ಚು ನೀವು ಅಂದುಕೊಂಡ ಮೂರು ಸಾವಿರವಲ್ಲ, ಅದರ ಎರಡರಷ್ಟಕ್ಕೂ ಮೇಲೆ. ಅದರಲ್ಲಿ ದೊಡ್ಡ ಪಾಲು ತಪ್ಪಿಸಬಹುದಾದದ್ದು. ಬ್ಯಾಂಕಿನ ವಿದೇಶಿ ಹಣದ ಕೌಂಟರಿನ ಹಿಂದೆ ಬಹಳ ವರ್ಷ ಕೂತವನು ನಾನು. ಈ ದೂರು ಕೇಳಿ ಕೇಳಿ ಅಭ್ಯಾಸವಾಗಿದೆ. ಆದರೂ ಪೂರ್ತಿ ಲೆಕ್ಕ ಬಿಡಿಸಿ ಹೇಳಲು ಕೌಂಟರಿನಲ್ಲಿ ಯಾವತ್ತೂ ಸಮಯ ಸಿಗುತ್ತಿರಲಿಲ್ಲ. ಇಲ್ಲಿ ಹೇಳುತ್ತೇನೆ.

ಮೊದಲು ಆ 90ರ ವಿಚಾರ. ಪೇಪರಿನಲ್ಲಿ, ಫೋನಿನಲ್ಲಿ ಕಾಣುವುದು ದೊಡ್ಡ ಬ್ಯಾಂಕುಗಳು ತಮ್ಮತಮ್ಮಲ್ಲೇ ಲಕ್ಷಗಟ್ಟಲೆ ಡಾಲರ್ ಕೊಡು-ಕೊಳ್ಳುವ ದರ. ಅಲ್ಲಿ ಕೊಳ್ಳುವ ದರಕ್ಕೂ ಮಾರುವ ದರಕ್ಕೂ ಒಂದು ಪೈಸೆ ಆಚೀಚೆ ಇರುತ್ತದೆ, ಅಷ್ಟೇ. ನಿಮಗೆ ಇದು ಹೊಸದೇನಲ್ಲ. ರೋಬಸ್ಟಾಗೆ ಲಂಡನ್ ರೇಟ್ ಇಷ್ಟು ಅಂತ ದಿನಾ ಬೆಳಿಗ್ಗೆ ವಾಟ್ಸಾಪಿನಲ್ಲಿ ಬರುತ್ತದೆ. ಆ ರೇಟಿಗೆ ಗೋಣಿಕೊಪ್ಪದಲ್ಲಿ ಯಾರಾದರೂ ನಿಮ್ಮ ಚೀಲ ಎತ್ತಿಕೊಂಡದ್ದುಂಟಾ? ಸಾಗಣೆ, ತೇವ, ಔಟ್‌ಟರ್ನ್ ಎಲ್ಲ ಕಳೆದು ವ್ಯಾಪಾರಿ ತನ್ನ ದರ ಹೇಳುತ್ತಾನೆ. ಪೇಪರಿನ 90 ಅಂದರೆ ಡಾಲರಿನ ಲಂಡನ್ ರೇಟ್. ಅದು ಅಳತೆಗೋಲು. ಆ ಬೆಲೆಗೆ ಕೌಂಟರಿನಲ್ಲಿ ಡಾಲರ್ ಸಿಗುವುದಿಲ್ಲ.

ಇನ್ನೊಂದು ಗೊಂದಲವನ್ನೂ ಇಲ್ಲೇ ಮುಗಿಸೋಣ. ಬೋರ್ಡಿನಲ್ಲಿ ‘ಕೊಳ್ಳುವ ದರ’, ‘ಮಾರುವ ದರ’ ಅಂತ ಬರೆದಿರುವುದು ಬ್ಯಾಂಕಿನ ಕಡೆಯಿಂದ. ನೀವು ಡಾಲರ್ ಕೊಳ್ಳಲು ಹೋದಾಗ ಬ್ಯಾಂಕ್ ಮಾರುತ್ತದೆ. ಹಾಗಾಗಿ ನಿಮಗೆ ಅನ್ವಯಿಸುವುದು ಮಾರುವ ದರ, ಎರಡರಲ್ಲಿ ದೊಡ್ಡದು. ವಾಪಸ್ ಬಂದು ಕೊಡುವಾಗ ಸಣ್ಣದು. ಯಾವುದು ಯಾವುದು ಅಂತ ಮರೆತುಹೋದರೆ, ನಿಮಗೆ ಯಾವುದು ಕಹಿಯೋ ಅದೇ ನಿಮ್ಮ ದರ ಅಂದುಕೊಳ್ಳಿ. ತಪ್ಪುವುದಿಲ್ಲ.

ಈಗ ನಿಮ್ಮ ಫೋಟೋ. ಅದರಲ್ಲಿ ಡಾಲರಿನ ಸಾಲಿಗೆ ಒಂದಲ್ಲ, ನಾಲ್ಕು ಜೋಡಿ ದರ ಇದೆ. ಎಲ್ಲರೂ ನೋಡುವುದು ತಮಗೆ ಬೇಕಾದ ಒಂದನ್ನು ಮಾತ್ರ. ನಾನು ಎರಡು ಜೋಡಿ ನೋಡಿ ಅನ್ನುತ್ತೇನೆ. TT BUY 89.55, TT SELL 90.45 ಅಂತ ಒಂದಿದೆ. ಇದು ಖಾತೆಯಿಂದ ಖಾತೆಗೆ ಹೋಗುವ ಹಣಕ್ಕೆ. ಮಗನ ಕಾಲೇಜಿನ ಫೀಸು ಹೊರದೇಶಕ್ಕೆ ಕಳಿಸಿದರೆ, ಮಗಳು ದುಬೈಯಿಂದ ಹಣ ಹಾಕಿದರೆ ಈ ದರ. ಕೊನೆಯಲ್ಲಿ CN BUY 87.60, CN SELL 92.40 ಇದೆ. ಇದು ಕೈಯಲ್ಲಿ ಹಿಡಿಯುವ ನೋಟಿಗೆ. ಅದೇ ಬ್ಯಾಂಕು, ಅದೇ ಬೆಳಿಗ್ಗೆ, ಅದೇ ಡಾಲರ್. ಮೊದಲನೆಯದರಲ್ಲಿ ಅಂತರ 90 ಪೈಸೆ. ಎರಡನೆಯದರಲ್ಲಿ ₹4.80. ಐದು ಪಟ್ಟಿಗೂ ಜಾಸ್ತಿ.

ಯಾಕೆ ಹೀಗೆ? ಖಾತೆಯ ಡಾಲರ್ ಅಂದರೆ ಬರೀ ಲೆಕ್ಕ. ಕಂಪ್ಯೂಟರಿನಲ್ಲಿ ಒಂದು ಕಡೆ ಕಳೆದು ಇನ್ನೊಂದು ಕಡೆ ಕೂಡಿದರೆ ಮುಗಿಯಿತು. ನೋಟು ಹಾಗಲ್ಲ, ಅದು ಸರಕು. ಗೋಣಿಕೊಪ್ಪದ ಶಾಖೆಯಲ್ಲಿ ಡಾಲರ್ ಕಟ್ಟು ಇಟ್ಟುಕೊಂಡು ಯಾರೂ ಕೂತಿರುವುದಿಲ್ಲ. ನೀವು ಕೇಳಿದ ಮೇಲೆ ದೊಡ್ಡ ಊರಿನ ಶಾಖೆಯಿಂದ ಬರಬೇಕು. ಭದ್ರತೆ, ವಿಮೆ, ಸಾಗಣೆ ಎಲ್ಲ ಅದರ ಮೇಲೆ ಬೀಳುತ್ತದೆ. ಪೆಟ್ಟಿಗೆಯಲ್ಲಿ ಕೂತ ನೋಟಿಗೆ ಬಡ್ಡಿ ಹುಟ್ಟುವುದಿಲ್ಲ. ಅಮೆರಿಕದ ಬ್ಯಾಂಕಿನ ಖಾತೆಯಲ್ಲಿದ್ದ ಡಾಲರ್ ಆದರೂ ಏನಾದರೂ ದುಡಿಯುತ್ತದೆ, ಇದು ಸುಮ್ನೆ ಮಲಗಿರುತ್ತದೆ.

ನೀವು ವಾಪಸ್ ಕೊಟ್ಟ 700 ಡಾಲರಿನ ಕಥೆ ಇನ್ನೂ ಕಷ್ಟ. ಬ್ಯಾಂಕ್ ಅದನ್ನು ಕೊಂಡ ಮೇಲೆ ಇನ್ನೊಬ್ಬ ಪ್ರಯಾಣಿಕ ಬಂದು ತಗೊಳ್ಳುವವರೆಗೆ ಕಾಯಬೇಕು. ಯಾರೂ ಬರದಿದ್ದರೆ ನೋಟು ದೊಡ್ಡ ಶಾಖೆಗೆ, ಅಲ್ಲಿಂದ ಮುಂಬೈ ಕಡೆಗೆ, ಕೊನೆಗೆ ದೇಶದ ಹೊರಗೂ ಹೋಗಬೇಕಾಗುತ್ತದೆ. ನಡುವೆ ಒಂದು ನೋಟು ಖೋಟಾ ಅಂತ ಗೊತ್ತಾದರೆ ನಷ್ಟ ಕೊಂಡವನದು. ಡಾಲರ್ ನೋಟಿನ ಮೇಲೆ ಪೆನ್ನಿನ ಗೀಟು ಇದ್ದರೆ, ಅಂಚು ಹರಿದಿದ್ದರೆ, ತೀರಾ ಹಳೆಯ ಮಾದರಿ ಆಗಿದ್ದರೆ ಮುಂದಿನವನು ಬೇಡ ಅನ್ನುತ್ತಾನೆ. ನಮ್ಮ ಕೌಂಟರಿನಲ್ಲಿ ಅಂಥ ನೋಟು ತಗೊಂಡ ಹುಡುಗನಿಗೆ ಮ್ಯಾನೇಜರಿಂದ ಬೈಗುಳ ಗ್ಯಾರಂಟಿ. ಅದಕ್ಕೇ ನೀವು ಕೊಟ್ಟ ನೋಟನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡುತ್ತಾರೆ. ಕಾಳುಮೆಣಸು ಕೊಳ್ಳುವವನು ಅಂಗೈಯಲ್ಲಿ ಹಾಕಿ ಉಜ್ಜಿ ನೋಡುವುದಿಲ್ಲವಾ, ಹಾಗೆ.

ಇನ್ನೊಂದು ಕಾರಣ ಹೆಚ್ಚಿನವರಿಗೆ ಗೊತ್ತಿಲ್ಲ. ಬ್ಯಾಂಕ್ ಬೆಳಿಗ್ಗೆ ಮಾರುಕಟ್ಟೆ ತೆರೆದ ಮೇಲೆ ಒಂದು ದರಪಟ್ಟಿ ಹಾಕುತ್ತದೆ. ಇದಕ್ಕೆ ಕಾರ್ಡ್ ರೇಟ್ ಅನ್ನುತ್ತಾರೆ. ನಿಮ್ಮ ಜೇಬಿನ ಪ್ಲಾಸ್ಟಿಕ್ ಕಾರ್ಡಿಗೂ ಇದಕ್ಕೂ ಸಂಬಂಧವಿಲ್ಲ. ಸಣ್ಣ ಮೊತ್ತಕ್ಕೆಲ್ಲ ಸಾಮಾನ್ಯವಾಗಿ ದಿನವಿಡೀ ಅದೇ ದರ. ಮಾರುಕಟ್ಟೆ ಮಾತ್ರ ಮಧ್ಯಾಹ್ನ ಮೂರೂವರೆವರೆಗೆ ಏರಿಳಿಯುತ್ತಲೇ ಇರುತ್ತದೆ. ನೀವು ಮೂರು ಗಂಟೆಗೆ ಬಂದು ಬೆಳಿಗ್ಗೆಯ ದರ ಕೇಳಿದರೆ ಬ್ಯಾಂಕಿಗೆ ನಷ್ಟ ಆಗಬಾರದಲ್ಲ. ಆ ಏರಿಳಿತಕ್ಕೆ ಒಂದಿಷ್ಟು ದಿಂಬು ಇಟ್ಟೇ ದರ ಹಾಕಿರುತ್ತಾರೆ. ಭಾನುವಾರ ವಿಮಾನ ನಿಲ್ದಾಣದ ಕೌಂಟರಿನಲ್ಲಿ ಈ ದಿಂಬು ಇನ್ನೂ ದಪ್ಪ. ಯಾಕೆಂದರೆ ಸೋಮವಾರ ಮಾರುಕಟ್ಟೆ ಎಲ್ಲಿ ತೆರೆಯುತ್ತದೋ ಯಾರಿಗೂ ಗೊತ್ತಿಲ್ಲ. ಅಲ್ಲಿ ಬಾಡಿಗೆ ಜಾಸ್ತಿ, ನಿಮಗೆ ಬೇರೆ ದಾರಿಯೂ ಇಲ್ಲ.

ಇಷ್ಟೆಲ್ಲ ಹೇಳಿದೆ ಅಂತ ₹4.80 ಪೂರ್ತಿ ಖರ್ಚೇ ಅಂದುಕೊಳ್ಳಬೇಡಿ. ಅದರಲ್ಲಿ ಒಳ್ಳೆಯ ಲಾಭವೂ ಇದೆ. ಬೇರೆ ಬೇರೆ ಬ್ಯಾಂಕುಗಳ ನೋಟಿನ ದರವನ್ನು ಒಂದೇ ದಿನ ಪಕ್ಕಪಕ್ಕ ಇಟ್ಟು ನೋಡಿದರೆ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ. ಸಾಗಣೆ ಖರ್ಚು ಎಲ್ಲರಿಗೂ ಹೆಚ್ಚುಕಡಿಮೆ ಒಂದೇ. ಉಳಿದದ್ದು ಅವರವರ ಆಸೆ. ‘ಕಮಿಷನ್ ಇಲ್ಲ’ ಅನ್ನುವ ಮಾತಿನ ಬೆಲೆಯೂ ಇಲ್ಲೇ ಗೊತ್ತಾಗುವುದು. ಅವರು ಸುಳ್ಳು ಹೇಳಿಲ್ಲ. ಬೇರೆ ಸಾಲಿನಲ್ಲಿ ಬರೆಯಬೇಕಿದ್ದದ್ದನ್ನು ದರದೊಳಗೇ ಹಾಕಿದ್ದಾರೆ, ಅಷ್ಟೇ.

ಈಗ ನಿಮ್ಮ ಲೆಕ್ಕ. ಅಂತರದ ಖರ್ಚನ್ನು ಅಳೆಯಲು ನಡುವಿನ ದರ ಬೇಕು. ಅದನ್ನು ಬೋರ್ಡಿನಲ್ಲೇ ಪಡೆಯಬಹುದು. TTಯ ಎರಡು ದರ ಕೂಡಿಸಿ ಅರ್ಧ ಮಾಡಿ. 89.55, 90.45, ಅರ್ಧ ಮಾಡಿದರೆ 90. ಪೇಪರಿನ ದರಕ್ಕೆ ಸರಿಯಾಗಿಯೇ ಇದೆ. ಈ 90ರಿಂದ ನಿಮಗೆ ಹಾಕಿದ 92.40 ಎಷ್ಟು ದೂರ? ₹2.40. ನೂರಕ್ಕೆ 2.67. ವಾಪಸ್ ಕೊಟ್ಟಾಗಿನ 87.60 ಎಷ್ಟು ದೂರ? ಅದೂ ₹2.40.

ಕೊಂಡ 2,000 ಡಾಲರಿಗೆ ತಲಾ ₹2.40 ಅಂದರೆ ₹4,800. ವಾಪಸ್ ಕೊಟ್ಟ 700ಕ್ಕೆ ಇನ್ನೊಮ್ಮೆ ತಲಾ ₹2.40, ಅಂದರೆ ₹1,680. ಒಟ್ಟು ₹6,480. ನೀವು ಕೌಂಟರಿನಲ್ಲಿ ಬೇಸರ ಮಾಡಿಕೊಂಡದ್ದು 700 ಡಾಲರಿನ ₹3,360ಕ್ಕೆ. ಕೊಂಡ ದಿನವೇ ಹೋದ ಉಳಿದ ₹3,120 ನಿಮ್ಮ ಗಮನಕ್ಕೇ ಬಂದಿಲ್ಲ. ಯಾರಿಗೂ ಬರುವುದಿಲ್ಲ. ಖರ್ಚಾದ ಡಾಲರ್ ವಾಪಸ್ ಬಂದು ಸಾಕ್ಷಿ ಹೇಳುವುದಿಲ್ಲವಲ್ಲ.

ಇದಕ್ಕೆ ಜಿಎಸ್‌ಟಿ ಸೇರಿಸಿ. ಅದು ಇಡೀ ಮೊತ್ತದ ಮೇಲೆ ಬೀಳುವುದಿಲ್ಲ. ವ್ಯವಹಾರದ ಒಂದು ಲಕ್ಷದವರೆಗೆ ನೂರಕ್ಕೆ ಒಂದು, ಅದರ ಮೇಲೆ ಹತ್ತು ಲಕ್ಷದವರೆಗೆ ನೂರಕ್ಕೆ ಅರ್ಧ, ಇಷ್ಟನ್ನು ಸೇವೆಯ ಬೆಲೆ ಅಂತ ಹಿಡಿದು ಅದರ ಮೇಲೆ ಶೇಕಡಾ 18. ನೀವು ಕೊಂಡ ₹1,84,800ಕ್ಕೆ ಇದು ₹256. ವಾಪಸ್ ಕೊಟ್ಟ ₹61,320ಕ್ಕೆ ₹110. ಎರಡೂ ಸೇರಿ ₹366 ಚಿಲ್ಲರೆ. ರಸೀದಿಯಲ್ಲಿ ಕಾಣುವುದು ಈ ಸಣ್ಣ ಮೊತ್ತ ಮಾತ್ರ. ಅಂತರದ ದೊಡ್ಡ ಮೊತ್ತಕ್ಕೆ ರಸೀದಿಯಲ್ಲಿ ಸಾಲೇ ಇಲ್ಲ.

ಇನ್ನು ಮುಖ್ಯವಾದ ಒಂದು ಭಾಗಾಕಾರ. ನೀವು ಬ್ಯಾಂಕಿಗೆ ಕೊಟ್ಟದ್ದರಲ್ಲಿ ವಾಪಸ್ ಬಂದದ್ದು ಕಳೆದು ಜಿಎಸ್‌ಟಿ ಸೇರಿಸಿದರೆ ₹1,23,847. ಇಷ್ಟು ಕೊಟ್ಟು ನಿಜವಾಗಿ ಬಳಸಿದ್ದು 1,300 ಡಾಲರ್. ಭಾಗಿಸಿ ನೋಡಿ. ಒಂದು ಡಾಲರಿಗೆ ₹95.27 ಬಿದ್ದಿದೆ. ಬೋರ್ಡಿನಲ್ಲಿ ಎಲ್ಲೂ ಇಲ್ಲದ ದರ ಇದು. ಬೋರ್ಡು 92.40 ಅಂದಿತ್ತು. ಉಳಿಸಿಕೊಂಡು ತಂದ 700 ಡಾಲರಿನ ಹೋಗಿ ಬಂದ ಬಾಡಿಗೆ ಪೂರಾ, ಖರ್ಚು ಮಾಡಿದ 1,300ರ ತಲೆ ಮೇಲೆ ಕೂತಿದೆ.

ಇದಕ್ಕೇ ನಾನು ಹೇಳುವುದು, ಖರ್ಚು ಮಾಡಿದ ಡಾಲರಿಗೆ ಅಂತರದ ಅರ್ಧ ಮಾತ್ರ ಬೀಳುತ್ತದೆ, ವಾಪಸ್ ತಂದು ಮಾರಿದ ಡಾಲರಿಗೆ ಪೂರ್ತಿ ಬೀಳುತ್ತದೆ. ನಿಮ್ಮ ₹6,480ರಲ್ಲಿ ಅರ್ಧಕ್ಕಿಂತ ಜಾಸ್ತಿ ಹೋದದ್ದು ನೀವು ಬಳಸದೇ ಇದ್ದ ಹಣಕ್ಕೆ. ಜನ ಐದು ಪೈಸೆ ಕಡಿಮೆ ದರ ಹುಡುಕಿಕೊಂಡು ಮೈಸೂರಿಗೆ ಹೋಗುತ್ತಾರೆ. ಎಷ್ಟು ಬೇಕು ಅನ್ನುವುದನ್ನು ಮಾತ್ರ ಮನೆಯಲ್ಲಿ ಕೂತು ಹತ್ತು ನಿಮಿಷ ಯೋಚಿಸುವುದಿಲ್ಲ.

ಒಂದು ಎಚ್ಚರಿಕೆ. ಈ ಲೆಕ್ಕ ಇಷ್ಟು ಸಲೀಸಾಗಿ ಬಂದದ್ದು ಮೂರು ವಾರ ಮಾರುಕಟ್ಟೆ ಅಲುಗಾಡದೆ ನಿಂತದ್ದರಿಂದ. ಆ ನಡುವೆ ರೂಪಾಯಿ ಬಿದ್ದು ಡಾಲರ್ 92 ಆಗಿದ್ದರೆ, ಬ್ಯಾಂಕ್ ನಿಮಗೆ ಸುಮಾರು ₹89.55 ಕೊಡುತ್ತಿತ್ತು. ‘ಪರವಾಗಿಲ್ಲ, ಜಾಸ್ತಿ ಹೋಗಲಿಲ್ಲ’ ಅಂದುಕೊಂಡು ಬರುತ್ತಿದ್ದಿರಿ. ಅಂತರ ಅಷ್ಟೇ ಇರುತ್ತಿತ್ತು. ಮಾರುಕಟ್ಟೆಯ ಅದೃಷ್ಟ ಅದರ ಮೇಲೆ ಮುಸುಕು ಹಾಕುತ್ತಿತ್ತು. ಅದಕ್ಕೇ ಕೊಂಡ ದರಕ್ಕೂ ಮಾರಿದ ದರಕ್ಕೂ ಹೋಲಿಸಬಾರದು. ಎರಡನ್ನೂ ಆಯಾ ದಿನದ ನಡುವಿನ ದರಕ್ಕೆ ಹೋಲಿಸಬೇಕು.

ಇನ್ನೊಂದು ಮಾತು ಕೇಳಿದರೆ ನಿಮಗೆ ಬೇಸರವಾಗಬಹುದು. ಆ 700 ಡಾಲರನ್ನು ನೀವು ಮಾರಲೇಬೇಕಾಗಿರಲಿಲ್ಲ. ಪ್ರಯಾಣದಿಂದ ಬಂದ ಮೇಲೆ ಉಳಿದ ವಿದೇಶಿ ಹಣವನ್ನು 180 ದಿನದೊಳಗೆ ಒಪ್ಪಿಸಬೇಕು ಅಂತ ನಿಯಮ ಇದೆ, ನಿಜ. ಆದರೆ 2,000 ಡಾಲರಿನಷ್ಟು ನೋಟನ್ನು ಮುಂದಿನ ಪ್ರಯಾಣಕ್ಕೆ ಅಂತ ಒಬ್ಬರು ಮನೆಯಲ್ಲೇ ಇಟ್ಟುಕೊಳ್ಳಲು ಅದೇ ನಿಯಮ ಬಿಡುತ್ತದೆ. ನೀವು ಡಿಸೆಂಬರಿಗೆ ಮತ್ತೆ ಹೊರಟಿದ್ದೀರಿ. ಈಗ ಮಾರಿದ ಅದೇ 700 ಡಾಲರನ್ನು ಆಗ ಮತ್ತೆ ಮಾರುವ ದರ ಕೊಟ್ಟು ಕೊಳ್ಳಬೇಕು. ಬೀರುವಿನಲ್ಲಿ ಕವರಿಗೆ ಹಾಕಿ ಇಟ್ಟಿದ್ದರೆ ಸಾಕಿತ್ತು. ಮಡಿಕೇರಿಯ ಮಳೆಗಾಲದಲ್ಲಿ ಬೂಸ್ಟು ಹಿಡಿಯದ ಹಾಗೆ ನೋಡಿಕೊಳ್ಳಬೇಕು, ಅಷ್ಟೇ. ತಮಾಷೆಯಲ್ಲ. ಕಲೆ ಬಿದ್ದ ಡಾಲರ್ ನೋಟನ್ನು ಬೇಡ ಅಂದದ್ದನ್ನು ನಾನೇ ನೋಡಿದ್ದೇನೆ.

ನಾಣ್ಯದ್ದು ಬೇರೆ ಕಥೆ. ಎಷ್ಟು ಬೇಕಾದರೂ ಇಟ್ಟುಕೊಳ್ಳಬಹುದು, ಆದರೆ ಇಲ್ಲಿ ಕೊಳ್ಳುವವರು ಸಿಗುವುದಿಲ್ಲ. ನಾನು ಮೊದಲ ಸಲ ಸಿಂಗಾಪುರಕ್ಕೆ ಹೋದಾಗ ಪ್ರತಿ ಅಂಗಡಿಯಲ್ಲೂ ನೋಟು ಕೊಟ್ಟು ಚಿಲ್ಲರೆ ಜೇಬಿಗೆ ಸುರಿದುಕೊಂಡು ಬಂದೆ. ಇದೇ ಕೆಲಸದಲ್ಲಿದ್ದವನು! ಆ ನಾಣ್ಯಗಳು ಇವತ್ತಿಗೂ ನಮ್ಮ ಮನೆಯ ಶೋಕೇಸಿನಲ್ಲಿವೆ. ಮೊಮ್ಮಗನಿಗೆ ಆಟ. ಅಲ್ಲಿಂದ ಹೊರಡುವ ದಿನ ಕಾಫಿಗೋ ನೀರಿನ ಬಾಟಲಿಗೋ ಅದನ್ನು ಕೊಟ್ಟುಬಿಡಿ.

ಸರಿ, ದಿರ್ಹಮ್. ದುಬೈಯಲ್ಲಿ ನೀವು ಡಾಲರನ್ನು ಮತ್ತೊಮ್ಮೆ ಬದಲಾಯಿಸಿದ್ದೀರಿ. ಅಲ್ಲೂ ಒಂದು ಅಂತರ ಇದೆ. ಅದನ್ನು ಅಳೆಯುವುದು ಬಹಳ ಸುಲಭ. ಯಾಕೆಂದರೆ ಯುಎಇಯವರು ತಮ್ಮ ದಿರ್ಹಮನ್ನು ಅಮೆರಿಕದ ಡಾಲರಿಗೆ ಕಟ್ಟಿಹಾಕಿದ್ದಾರೆ. ಒಂದು ಡಾಲರಿಗೆ 3.6725 ದಿರ್ಹಮ್. 1997ರಿಂದ ಇದೇ ಲೆಕ್ಕ. ಹಾಗಾಗಿ ರೂಪಾಯಿಯಲ್ಲಿ ದಿರ್ಹಮಿನ ನಡುವಿನ ದರ ಬೇಕಾದರೆ ಡಾಲರಿನ ದರವನ್ನು 3.6725ರಿಂದ ಭಾಗಿಸಿದರೆ ಸಾಕು. ಡಾಲರ್ 90 ಇದ್ದರೆ ದಿರ್ಹಮ್ ₹24.51.

ದುಬೈಯ ಪೇಟೆಯಲ್ಲಿ ನಿಮಗೆ ಡಾಲರಿಗೆ 3.65 ದಿರ್ಹಮ್ ಸಿಕ್ಕಿತು ಅಂತ ಇಟ್ಟುಕೊಳ್ಳೋಣ. ಡಾಲರಿನಂಥ ಎಲ್ಲರೂ ಬಲ್ಲ ನೋಟಿಗೆ, ಹತ್ತಾರು ಅಂಗಡಿ ಪೈಪೋಟಿಯಲ್ಲಿರುವ ಊರಿನಲ್ಲಿ, ಇಷ್ಟು ಸಿಗುವುದು ಸಹಜ. ನಿಮ್ಮ 1,300 ಡಾಲರಿಗೆ 4,745 ದಿರ್ಹಮ್ ಆಯಿತು. ಆ ₹1,23,847ನ್ನು ಇದರಿಂದ ಭಾಗಿಸಿ. ಒಂದು ದಿರ್ಹಮಿಗೆ ₹26.10 ಕೊಟ್ಟ ಹಾಗಾಯಿತು. ನಡುವಿನ ದರಕ್ಕಿಂತ ನೂರಕ್ಕೆ ಆರೂವರೆ ಜಾಸ್ತಿ. ಮಗಳ ಜೊತೆ ಹೋಟೆಲಿನಲ್ಲಿ 100 ದಿರ್ಹಮಿನ ಊಟ ಮಾಡಿದಾಗಲೆಲ್ಲ ಸುಮಾರು ₹160 ಹಣ ಬದಲಾಯಿಸಿದ್ದಕ್ಕೇ ಹೋಗಿದೆ.

ಹಾಗಾದರೆ ಇಲ್ಲಿಂದಲೇ ದಿರ್ಹಮ್ ನೋಟು ತಗೊಂಡರೆ ಒಂದು ಸಲದ ಅಂತರ ಉಳಿಯಿತಲ್ಲ ಅನ್ನಿಸುತ್ತದೆ. ಕೇಳಲು ಸರಿಯಾಗಿದೆ. ಆದರೆ ನಿಮ್ಮ ಬೋರ್ಡಿನಲ್ಲಿ ದಿರ್ಹಮ್ ನೋಟಿನ ಮಾರುವ ದರ ₹25.60 ಇದೆ. ನಡುವಿನ 24.51ರಿಂದ ಇದು ನೂರಕ್ಕೆ ನಾಲ್ಕೂವರೆಯಷ್ಟು ದೂರ. ಡಾಲರಿನದು 2.67 ಇತ್ತು. ಓಡಾಟ ಕಡಿಮೆ ಇರುವ ನೋಟಿಗೆ ಅಂತರ ಜಾಸ್ತಿ. ಡಾಲರ್ ಕೇಳುವವರು ದಿನಾ ಬರುತ್ತಾರೆ, ದಿರ್ಹಮ್ ಕೇಳುವವರು ಅಷ್ಟು ಬರುವುದಿಲ್ಲ. ಬ್ಯಾಂಕ್ ಆ ಸರಕನ್ನು ಹೆಚ್ಚು ದಿನ ಇಟ್ಟುಕೊಳ್ಳಬೇಕು.

ಯಾವುದು ಅಗ್ಗ ಅಂತ ತೀರ್ಮಾನ ಮಾಡಲು ಒಂದೇ ಭಾಗಾಕಾರ ಸಾಕು. ಇಲ್ಲಿ ಡಾಲರ್ ಮಾರುವ ದರವನ್ನು, ಅಲ್ಲಿ ಡಾಲರಿಗೆ ಸಿಗುವ ದಿರ್ಹಮಿನಿಂದ ಭಾಗಿಸಿ. 92.40ನ್ನು 3.65ರಿಂದ ಭಾಗಿಸಿದರೆ ₹25.32. ಬೋರ್ಡಿನ ದಿರ್ಹಮ್ ₹25.60. ಹಾಗಾಗಿ ಆವತ್ತಿನ ಮಟ್ಟಿಗೆ ಡಾಲರ್ ತಗೊಂಡದ್ದೇ ಸರಿ. ಇದೇ ಡಾಲರನ್ನು ದುಬೈ ವಿಮಾನ ನಿಲ್ದಾಣದಲ್ಲಿ ಇಳಿದ ತಕ್ಷಣ 3.55ಕ್ಕೆ ಬದಲಾಯಿಸಿದ್ದರೆ? 92.40 ಭಾಗಿಸು 3.55, ಅಂದರೆ ₹26.03. ಆಗ ಇಲ್ಲಿಂದ ದಿರ್ಹಮ್ ಒಯ್ದದ್ದೇ ಲಾಭ. ಒಬ್ಬರು ಡಾಲರ್ ಒಳ್ಳೆಯದು ಅನ್ನುತ್ತಾರೆ, ಇನ್ನೊಬ್ಬರು ದಿರ್ಹಮ್ ಅನ್ನುತ್ತಾರೆ. ಇಬ್ಬರೂ ತಮ್ಮ ತಮ್ಮ ದಿನದ ಮಟ್ಟಿಗೆ ಸರಿ. ಅಲ್ಲಿನ ಪೇಟೆಯ ದರ ಎಷ್ಟಿದೆ ಅಂತ ಮಗಳಿಗೆ ಫೋನ್ ಮಾಡಿ ಕೇಳಿದರೆ ನಿಮಗೆ ಐದು ನಿಮಿಷದ ಕೆಲಸ.

ಈ ಎರಡಕ್ಕಿಂತ ಮೂರನೆಯ ದಾರಿ ನಿಮಗೆ ಹೊಂದುತ್ತದೆ. ಬ್ಯಾಂಕುಗಳು ಪ್ರಯಾಣಕ್ಕೆ ಅಂತ ಒಂದು ಫಾರೆಕ್ಸ್ ಕಾರ್ಡ್ ಕೊಡುತ್ತವೆ. ಮೊದಲೇ ಹಣ ತುಂಬಿಸಿಕೊಂಡು ಹೋಗುವುದು. ಬೋರ್ಡಿನಲ್ಲಿ ಅದಕ್ಕೂ ಒಂದು ಜೋಡಿ ದರ ಇದೆ, ನೋಟಿಗಿಂತ ಕಡಿಮೆ, TTಗಿಂತ ಜಾಸ್ತಿ. ಸರಕು ಇಲ್ಲ, ಸಾಗಣೆ ಇಲ್ಲ, ಅದಕ್ಕೇ. ದಿರ್ಹಮಿಗೆ ಕಾರ್ಡಿನ ದರ ₹25.00 ಇದೆ ಅಂತ ಹಿಡಿಯೋಣ. ನಿಮಗೆ ಬೇಕಾದ ಅದೇ 4,745 ದಿರ್ಹಮ್. ಕೈಖರ್ಚಿಗೆ 300 ಡಾಲರ್ ನೋಟು, ₹27,720. ಅದರಿಂದ ಅಲ್ಲಿ 1,095 ದಿರ್ಹಮ್. ಉಳಿದ 3,650 ದಿರ್ಹಮ್ ಕಾರ್ಡಿಗೆ, ₹91,250. ಜಿಎಸ್‌ಟಿ ಸುಮಾರು ₹214. ಒಟ್ಟು ₹1,19,184. ನೀವು ಕೊಟ್ಟದ್ದಕ್ಕಿಂತ ₹4,660ರಷ್ಟು ಕಡಿಮೆ. ಕಾರ್ಡ್ ಕೊಡುವಾಗ ಕೆಲವು ನೂರು ರೂಪಾಯಿ ತಗೊಳ್ಳುತ್ತಾರೆ, ಅದನ್ನು ಕಳೆದರೂ ನಾಲ್ಕು ಸಾವಿರ ಉಳಿಯುತ್ತದೆ. ಆದರೆ ಒಂದು ಮಾತು. ಈ ಉಳಿತಾಯದ ದೊಡ್ಡ ಭಾಗ ಕಾರ್ಡಿನ ಮಹಿಮೆಯಲ್ಲ. 700 ಡಾಲರ್ ಸುಮ್ನೆ ಹೋಗಿ ಬರಲಿಲ್ಲವಲ್ಲ, ಅದರದ್ದು. ಅಂಗಡಿಯಲ್ಲಿ ಉಜ್ಜಿದರೆ ಮಾತ್ರ ಈ ಲೆಕ್ಕ ಹೊಂದುತ್ತದೆ, ಎಟಿಎಮ್ಮಿನಲ್ಲಿ ಹಣ ತೆಗೆದರೆ ಪ್ರತಿ ಸಲಕ್ಕೂ ಶುಲ್ಕ ಬೇರೆ.

ಕಾರ್ಡಿನಲ್ಲೂ ಎಡವುವ ಜಾಗಗಳಿವೆ. ಡಾಲರ್ ತುಂಬಿಸಿದ ಕಾರ್ಡನ್ನು ದಿರ್ಹಮಿನ ಅಂಗಡಿಯಲ್ಲಿ ಉಜ್ಜಿದರೆ ಬಹಳ ಬ್ಯಾಂಕುಗಳು ಮತ್ತೆ ನೂರಕ್ಕೆ ಮೂರೋ ಮೂರೂವರೆಯೋ ಹಾಕುತ್ತವೆ. ಯಾವ ದೇಶಕ್ಕೋ ಆ ಹಣವನ್ನೇ ತುಂಬಿಸಬೇಕು. ವಾಪಸ್ ಬಂದ ಮೇಲೆ ಉಳಿದದ್ದನ್ನು ರೂಪಾಯಿ ಮಾಡಿಸಿದರೆ ಅಲ್ಲೂ ಕೊಳ್ಳುವ ದರವೇ. ಬಿಟ್ಟರೆ ಮುಂದಿನ ಸಲಕ್ಕಾಯಿತು, ಆದರೆ ಬಹಳ ದಿನ ಬಳಸದಿದ್ದರೆ ಶುಲ್ಕ ಕಳೆಯುವ ಕಾರ್ಡುಗಳೂ ಇವೆ. ಕೊಳ್ಳುವ ಮೊದಲು ಇದೊಂದನ್ನು ಕೇಳಿ.

ನಿಮ್ಮೆಜಮಾನರ ಮಾಮೂಲಿ ಕ್ರೆಡಿಟ್ ಕಾರ್ಡ್ ಉಪಯೋಗಿಸಿದರೆ? ಹೆಚ್ಚಿನವುಗಳಲ್ಲಿ ವಿದೇಶಿ ಖರ್ಚಿಗೆ ನೂರಕ್ಕೆ ಮೂರೂವರೆ ಸೇರಿಸುತ್ತಾರೆ, ಅದರ ಮೇಲೆ ಜಿಎಸ್‌ಟಿ. ಒಟ್ಟು 4.13 ಆಗುತ್ತದೆ. ನಿಮ್ಮ ನೋಟಿನ 2.67ಕ್ಕಿಂತ ಇದು ದುಬಾರಿ. ಆದರೆ ಉಳಿಯುವ ಪ್ರಶ್ನೆ ಇಲ್ಲ, ಬೇಕಾದಷ್ಟೇ ಹೋಗುತ್ತದೆ. ಎಷ್ಟು ಖರ್ಚಾಗುತ್ತದೋ ಗೊತ್ತಿಲ್ಲದ ಕಡೆ, ಕೊನೆಯ ಒಂದಿಷ್ಟಕ್ಕೆ ಇದನ್ನು ಇಟ್ಟುಕೊಳ್ಳಿ. ಅಂಗಡಿಯ ಯಂತ್ರ ಕೆಲವು ಸಲ INR, AED ಅಂತ ಎರಡು ಆಯ್ಕೆ ತೋರಿಸುತ್ತದೆ. INR ಅಂದರೆ ರೂಪಾಯಿ, AED ಅಂದರೆ ದಿರ್ಹಮ್. ರೂಪಾಯಿ ನೋಡಿ ಪರಿಚಯದವರು ಸಿಕ್ಕ ಹಾಗೆ ಖುಷಿಯಾಗುತ್ತದೆ. ಒತ್ತಬೇಡಿ. ಅಲ್ಲಿ ದರ ಹಾಕುವವರು ಅಂಗಡಿಯ ಕಡೆಯವರು. ಅವರ ಅಂತರ ನಿಮ್ಮ ಬ್ಯಾಂಕಿನದಕ್ಕಿಂತ ಜಾಸ್ತಿಯೇ ಇರುತ್ತದೆ. AED ಒತ್ತಿ.

ಮೈಸೂರಿಗೋ ಮಂಗಳೂರಿಗೋ ಹೋಗಿ ಬದಲಾಯಿಸಿದರೆ ಹೇಗೆ ಅಂತ ನಮ್ಮ ಕಡೆಯವರು ಕೇಳುತ್ತಲೇ ಇರುತ್ತಾರೆ. ರಿಸರ್ವ್ ಬ್ಯಾಂಕಿನ ಪರವಾನಗಿ ಇರುವ ಮನಿ ಚೇಂಜರುಗಳು ಅಲ್ಲಿ ಪೈಪೋಟಿಯಲ್ಲಿರುತ್ತಾರೆ. ಡಾಲರ್ ಒಂದು ರೂಪಾಯಿ ಕಡಿಮೆಗೆ ಸಿಗಬಹುದು. 300 ಡಾಲರಿಗೆ ಅದು ₹300. ಗೋಣಿಕೊಪ್ಪದಿಂದ ಹೋಗಿ ಬರುವ ಪೆಟ್ರೋಲಿಗೂ ಸಾಲದು. 2,000 ಡಾಲರಿಗಾದರೆ ₹2,000, ಅದೂ ಬೇರೆ ಕೆಲಸಕ್ಕೆ ಹೇಗೂ ಹೋಗುವವರಿದ್ದರೆ. ಫೋನಿನಲ್ಲೇ ಎರಡು ಕಡೆ ದರ ಕೇಳಿ, ಜಿಎಸ್‌ಟಿ ಸೇರಿ ಕೈಗೆ ಎಷ್ಟು ಬೀಳುತ್ತದೆ ಅಂತ ಹೇಳಿಸಿಕೊಳ್ಳಿ. ನಿಮ್ಮ ಶಾಖೆಯಲ್ಲೂ ‘ಇನ್ನೊಂದಿಷ್ಟು ಕಡಿಮೆ ಮಾಡಿ’ ಅಂತ ಕೇಳುವುದರಲ್ಲಿ ತಪ್ಪಿಲ್ಲ. ಮೊತ್ತ ದೊಡ್ಡದಿದ್ದರೆ ಅವರು ಮೇಲಿನವರಿಗೆ ಫೋನ್ ಮಾಡಿ ಬೋರ್ಡಿಗಿಂತ ಒಳ್ಳೆಯ ದರ ತರಿಸಬಲ್ಲರು. ಕೇಳದವರಿಗೆ ಯಾರೂ ತಾವಾಗಿ ಹೇಳುವುದಿಲ್ಲ. ಪಕ್ಕದ ಹೋಂಸ್ಟೇಯವರ ಹತ್ತಿರ ಡಾಲರ್ ಇದೆ, 90ಕ್ಕೇ ಕೊಡುತ್ತಾರೆ ಅಂತ ಯಾರಾದರೂ ಅಂದರೆ ಮಾತ್ರ ಬೇಡ. ಪರವಾನಗಿ ಇಲ್ಲದವರಿಂದ ಕೊಳ್ಳುವುದು ಕಾನೂನಿಗೆ ವಿರುದ್ಧ. ನೋಟು ಖೋಟಾ ಆದರೆ ಕೇಳುವವರೂ ಇರುವುದಿಲ್ಲ.

ಡಿಸೆಂಬರಿಗೆ ಕಣ್ಣೂರಿನಿಂದ ಹತ್ತುವುದಾದರೆ, ನಿಲ್ದಾಣದ ಕೌಂಟರನ್ನು ನಂಬಿಕೊಂಡು ಮಾಕುಟ್ಟ ಘಾಟಿ ಇಳಿಯಬೇಡಿ. ಹೊರಡುವ 60 ದಿನದೊಳಗೆ ಯಾವಾಗ ಬೇಕಾದರೂ ಹಣ ಕೊಳ್ಳಬಹುದು. ಒಂದು ವಾರ ಮೊದಲೇ ಶಾಖೆಗೆ ಹೇಳಿ ಇಟ್ಟರೆ ನೋಟು ತರಿಸಲು ಅವರಿಗೆ ಸಮಯ ಸಿಗುತ್ತದೆ. ಪಾಸ್‌ಪೋರ್ಟು, ಪ್ಯಾನ್, ಟಿಕೆಟ್ಟು ಒಯ್ಯಿರಿ. ₹50,000ಕ್ಕಿಂತ ಜಾಸ್ತಿಯಾದರೆ ನಗದು ತಗೊಳ್ಳುವುದಿಲ್ಲ, ಖಾತೆಯಿಂದಲೇ ಕೊಡಬೇಕು. ನೋಟು ಕೊಟ್ಟಾಗ ಕೌಂಟರಿನಲ್ಲೇ ಒಂದೊಂದಾಗಿ ನೋಡಿ, ಗೀಟು ಬಿದ್ದದ್ದು, ಅಂಚು ಮುರಿದದ್ದು ಇದ್ದರೆ ಅಲ್ಲೇ ಬದಲಾಯಿಸಿಕೊಳ್ಳಿ. ಮಾರುವಾಗ ಅವರು ಬೆಳಕಿಗೆ ಹಿಡಿಯುತ್ತಾರಲ್ಲ, ಕೊಳ್ಳುವಾಗ ನೀವೂ ಹಿಡಿಯಿರಿ. ಹಿಂದೆ ಸಾಲು ನಿಂತಿದ್ದರೆ ನಿಲ್ಲಲಿ.